ಒಂದು ಕೋರ್ಸ್ ಬಿಡುವ ಮೊದಲು ಅಡ್ವೈಸರ್‌ಗೆ ಬರೆಯುವ ಇಮೇಲ್: ಕ್ರೆಡಿಟ್ ಮತ್ತು ಸ್ಕಾಲರ್‌ಶಿಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಅಮೆರಿಕದ ಯೂನಿವರ್ಸಿಟಿಗಳಲ್ಲಿ ಎಫ್-1 ವೀಸಾದ ಮೇಲೆ ಬ್ಯಾಚಲರ್ಸ್ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೆ ಮತ್ತು ಊರಲ್ಲಿ ಕೂತು ಅವರ ಫೀಸು ಕಟ್ಟುತ್ತಿರುವ ಮನೆಯವರಿಗೆ. ಮಾಸ್ಟರ್ಸ್ ಓದುವವರಿಗೆ ಕೊನೆಯ ಹತ್ತಿರ ಒಂದು ಪ್ರಶ್ನೆ ಇದೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗುತ್ತೇವೆ. ಮೊದಲ ವರ್ಷದ ವಿದ್ಯಾರ್ಥಿನಿ. ಫಾಲ್ ಸೆಮಿಸ್ಟರ್‌ನಲ್ಲಿ 15 ಕ್ರೆಡಿಟ್ ಮುಗಿಸಿದ್ದಾಳೆ, ಜಿಪಿಎ 3.20. ಈಗ ಸ್ಪ್ರಿಂಗ್, ಮತ್ತೆ 15 ಕ್ರೆಡಿಟ್: ಕ್ಯಾಲ್ಕುಲಸ್ 2 (4), ಲ್ಯಾಬ್ ಸೇರಿ ಕೆಮಿಸ್ಟ್ರಿ (4), ಪ್ರೋಗ್ರಾಮಿಂಗ್ (4), ರೈಟಿಂಗ್ (3). ಸ್ಕಾಲರ್‌ಶಿಪ್ ಪತ್ರದಲ್ಲಿ ಮೂರು ಷರತ್ತು: ಒಟ್ಟು ಜಿಪಿಎ 3.0ಕ್ಕಿಂತ ಕೆಳಗಿಳಿಯಬಾರದು, ಪ್ರತಿ ಸೆಮಿಸ್ಟರ್ ಫುಲ್‌ಟೈಮ್ ಇರಬೇಕು, ವರ್ಷಕ್ಕೆ 24 ಕ್ರೆಡಿಟ್ ಪಾಸಾಗಬೇಕು. ಕ್ಯಾಲ್ಕುಲಸ್‌ನಲ್ಲಿ ಎರಡು ಮಿಡ್‌ಟರ್ಮ್ ಕೆಟ್ಟಿವೆ. 15 ವಾರದ ಸೆಮಿಸ್ಟರ್‌ನಲ್ಲಿ ಈಗ 8ನೇ ವಾರ.

ಡ್ರಾಪ್ ಮಾಡುವುದು, ವಿತ್‌ಡ್ರಾ ಮಾಡುವುದು ಎರಡೂ ಒಂದೇನಾ?

ಅಲ್ಲ. ಸೆಮಿಸ್ಟರ್ ಶುರುವಾದ ಮೊದಲ ಒಂದೆರಡು ವಾರ ಆಡ್-ಡ್ರಾಪ್ ಅವಧಿ. ಆಗ ಬಿಟ್ಟ ಕೋರ್ಸು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇದ್ದದ್ದೇ ಇಲ್ಲ ಅನ್ನುವಂತೆ ಅಳಿಸಿಹೋಗುತ್ತದೆ. ಆ ಗಡುವು ದಾಟಿದ ಮೇಲೆ ಬಿಡುವುದು ವಿತ್‌ಡ್ರಾವಲ್; ಕೋರ್ಸಿನ ಹೆಸರು ಉಳಿದು ಪಕ್ಕದಲ್ಲಿ ಗ್ರೇಡ್ ಬದಲು ಡಬ್ಲ್ಯೂ ಬೀಳುತ್ತದೆ. ಡಬ್ಲ್ಯೂ ಜಿಪಿಎ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕ್ರೆಡಿಟ್ ಕೂಡ ಕೊಡುವುದಿಲ್ಲ. ಇದಕ್ಕೂ ಗಡುವು ಇದೆ. ಬಹಳ ಕಡೆ ಸೆಮಿಸ್ಟರ್‌ನ 9ರಿಂದ 11ನೇ ವಾರದ ನಡುವೆ ಬರುತ್ತದೆ. ನಿಖರವಾದ ತಾರೀಖು ರಿಜಿಸ್ಟ್ರಾರ್ ಕಚೇರಿಯ ಅಕಾಡೆಮಿಕ್ ಕ್ಯಾಲೆಂಡರ್‌ನಲ್ಲಿ ಇರುತ್ತದೆ. ಅದೂ ದಾಟಿದರೆ ಬಂದ ಗ್ರೇಡನ್ನೇ ಹೊರಬೇಕು.

ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟರೆ ಕೋರ್ಸ್ ತಾನಾಗಿಯೇ ಬಿಟ್ಟುಹೋಗುತ್ತದೆ ಅಂದುಕೊಳ್ಳುವವರಿದ್ದಾರೆ. ಅಂಥವರಿಗೆ ಸೆಮಿಸ್ಟರ್ ಕೊನೆಗೆ ಬರುವುದು ಎಫ್.

ಎಂಟನೇ ವಾರದಲ್ಲಿರುವ ನಮ್ಮ ವಿದ್ಯಾರ್ಥಿನಿಗೆ ಉಳಿದಿರುವುದು ವಿತ್‌ಡ್ರಾವಲ್ ಮಾತ್ರ. ಇಮೇಲ್‌ನಲ್ಲೂ ಆ ಪದವನ್ನೇ ಬಳಸಬೇಕು. ಡ್ರಾಪ್ ಅಂತ ಬರೆದರೆ ಅಡ್ವೈಸರ್ ಮೊದಲು ಅದನ್ನು ತಿದ್ದಿ ಒಂದು ಉತ್ತರ ಕಳಿಸುತ್ತಾರೆ. ಎರಡು ದಿನ ಅಲ್ಲೇ ಹೋಯಿತು.

ಕೋರ್ಸ್ ಬಿಟ್ಟರೆ ಜಿಪಿಎ ನಿಜಕ್ಕೂ ಉಳಿಯುತ್ತದಾ? ಎಷ್ಟು?

ಅಂದಾಜು ಬೇಡ, ಲೆಕ್ಕ ಹಾಕಿ. ಪ್ರತಿ ಕೋರ್ಸಿನ ಕ್ರೆಡಿಟ್ಟನ್ನು ಗ್ರೇಡಿನ ಅಂಕದಿಂದ ಗುಣಿಸಿ (ಎ ಗ್ರೇಡಿಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ 0), ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಜಿಪಿಎ.

ಫಾಲ್‌ನಲ್ಲಿ 15 ಕ್ರೆಡಿಟ್‌ಗೆ 3.20 ಅಂದರೆ 48 ಪಾಯಿಂಟ್. ಸ್ಪ್ರಿಂಗ್‌ನಲ್ಲಿ ಪ್ರೋಗ್ರಾಮಿಂಗ್‌ನಲ್ಲಿ ಎ ಬಂದರೆ 16, ಕೆಮಿಸ್ಟ್ರಿಯಲ್ಲಿ ಬಿ ಬಂದರೆ 12, ರೈಟಿಂಗ್‌ನಲ್ಲಿ ಬಿ ಬಂದರೆ 9. ಈ ಮೂರರಿಂದ 37 ಪಾಯಿಂಟ್, 11 ಕ್ರೆಡಿಟ್. ಇನ್ನು ಕ್ಯಾಲ್ಕುಲಸ್ ಏನಾದರೆ ಏನು ಅಂತ ನೋಡಿ:

```
C : (48 + 37 + 8) / 30 = 3.10
D : (48 + 37 + 4) / 30 = 2.97
F : (48 + 37 + 0) / 30 = 2.83
W : (48 + 37) / 26     = 3.27
```

ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಸಿ ಮತ್ತು ಡಿ ನಡುವಿನ ಗೆರೆ. ಸಿ ಬಂದರೆ ಕೋರ್ಸ್ ಬಿಡುವ ಅಗತ್ಯವೇ ಇಲ್ಲ: ಜಿಪಿಎ 3.10, ಕ್ರೆಡಿಟ್ 30, ಸ್ಕಾಲರ್‌ಶಿಪ್ ಭದ್ರ. ಡಿ ಬಂದರೆ 2.97, ಬರೀ ಮೂರು ನೂರನೇ ಭಾಗ ಕಡಿಮೆಯಾಗಿ ಸ್ಕಾಲರ್‌ಶಿಪ್ ಕೈಬಿಡುತ್ತದೆ. ಹಾಗಾಗಿ ‘ಕ್ಯಾಲ್ಕುಲಸ್ ಕಷ್ಟವಾಗಿದೆಯಾ’ ಅನ್ನುವುದು ಪ್ರಶ್ನೆಯೇ ಅಲ್ಲ. ‘ಸಿ ಬರುತ್ತದಾ ಇಲ್ಲವಾ’ ಅನ್ನುವುದೊಂದೇ ಪ್ರಶ್ನೆ.

ಕೆಲವು ಯೂನಿವರ್ಸಿಟಿಗಳಲ್ಲಿ ಪ್ಲಸ್, ಮೈನಸ್ ಗ್ರೇಡ್‌ಗಳಿಗೆ ಬೇರೆ ಅಂಕ ಇರುತ್ತದೆ. ನಿಮ್ಮಲ್ಲಿನ ಪಟ್ಟಿ ಹಿಡಿದೇ ಲೆಕ್ಕ ಮಾಡಿ. ಹಾಗೆಯೇ ಉಳಿದ ಮೂರು ಕೋರ್ಸಿಗೆ ಆಸೆಯ ಗ್ರೇಡ್ ಹಾಕಬೇಡಿ, ಇವತ್ತು ಪೋರ್ಟಲ್‌ನಲ್ಲಿ ಕಾಣುವ ಗ್ರೇಡ್ ಹಾಕಿ.

ಸಿ ಬರುತ್ತದೋ ಇಲ್ಲವೋ ಅಂತ ಈಗಲೇ ಹೇಗೆ ತಿಳಿಯುವುದು?

ಸಿಲಬಸ್ ತೆಗೆದು ಅಂಕಗಳ ಪಾಲು ನೋಡಿ. ನಮ್ಮ ಉದಾಹರಣೆಯಲ್ಲಿ ಮಿಡ್‌ಟರ್ಮ್‌ಗಳಿಗೆ ತಲಾ 20%, ಹೋಮ್‌ವರ್ಕ್‌ಗೆ 15%, ಕ್ವಿಜ್‌ಗಳಿಗೆ 10%, ಫೈನಲ್‌ಗೆ 35%. ಸಿಗೆ ಒಟ್ಟು 70 ಬೇಕು, ಡಿಗೆ 60.

ಆಕೆಗೆ ಮೊದಲ ಮಿಡ್‌ಟರ್ಮ್‌ನಲ್ಲಿ 48, ಎರಡನೆಯದರಲ್ಲಿ 55. ಅವೆರಡರಿಂದ 9.6 ಮತ್ತು 11. ಹೋಮ್‌ವರ್ಕ್ 85% ಇದೆ, ಅಂದರೆ 12.75. ಕ್ವಿಜ್ 60%, ಅಂದರೆ 6. ಕೂಡಿದರೆ 39.35. ಸಿ ಬೇಕಾದರೆ ಫೈನಲ್‌ನಿಂದ 30.65 ಬರಬೇಕು, 35ಕ್ಕೆ ಅಷ್ಟು ಅಂದರೆ ಸುಮಾರು 88%. ಎರಡು ಪರೀಕ್ಷೆಯಲ್ಲಿ ಐವತ್ತರ ಆಸುಪಾಸಿನಲ್ಲಿದ್ದವರು, ಪೂರ್ತಿ ಸಿಲಬಸ್ ಇರುವ ಫೈನಲ್‌ನಲ್ಲಿ 88 ತೆಗೆಯುವುದು ಬಹಳ ಅಪರೂಪ. ಡಿಗೆ ಸುಮಾರು 59% ಸಾಕು, ಅದು ಆಗಬಹುದು. ಅಂದರೆ ಕೋರ್ಸ್ ಹಿಡಿದುಕೊಂಡರೆ ಬರುವ ಸಾಧ್ಯತೆ ಹೆಚ್ಚಿರುವುದು ಡಿ, ಅದೇ 2.97.

ನಿರ್ಧಾರಕ್ಕೆ ಮೊದಲು ಪ್ರೊಫೆಸರ್‌ರ ಆಫೀಸ್ ಅವರ್ಸ್‌ಗೆ ಒಮ್ಮೆ ಹೋಗಿ ಎರಡು ವಿಷಯ ಕೇಳಿ: ಕೊನೆಗೆ ಕರ್ವ್ ಹಾಕುತ್ತಾರಾ, ಫೈನಲ್ ಅಂಕ ಕಡಿಮೆ ಬಂದ ಮಿಡ್‌ಟರ್ಮ್‌ನ ಜಾಗಕ್ಕೆ ಬರುತ್ತದಾ. ಎರಡನೆಯದಕ್ಕೆ ಹೌದು ಅಂದರೆ ಇಡೀ ಲೆಕ್ಕ ಬದಲಾಗುತ್ತದೆ. 48ರ ಜಾಗಕ್ಕೂ ಫೈನಲ್ ಅಂಕವೇ ಬಂದರೆ ಫೈನಲ್‌ನ ಪಾಲು 55% ಆಗಿ, ಸಿಗೆ ಸುಮಾರು 73% ಸಾಕಾಗುತ್ತದೆ.

15ರಲ್ಲಿ 4 ಕಳೆದರೆ 11. ಅದರಿಂದ ತೊಂದರೆ ಇದೆಯಾ?

ಇದೆ, ಮತ್ತು ಇಡೀ ವಿಷಯದಲ್ಲಿ ಎಲ್ಲರೂ ಎಡವುವ ಜಾಗವೇ ಇದು. ಮೂರು ಕ್ರೆಡಿಟ್‌ನ ಕೋರ್ಸ್ ಬಿಟ್ಟಿದ್ದರೆ 12 ಉಳಿಯುತ್ತಿತ್ತು. ಕ್ಯಾಲ್ಕುಲಸ್, ಲ್ಯಾಬ್ ಇರುವ ಸೈನ್ಸ್ ಕೋರ್ಸುಗಳು ಬಹಳ ಕಡೆ 4 ಕ್ರೆಡಿಟ್‌ನವು. ಬ್ಯಾಚಲರ್ಸ್ ಓದುವ ಎಫ್-1 ವಿದ್ಯಾರ್ಥಿಗೆ ಫಾಲ್ ಮತ್ತು ಸ್ಪ್ರಿಂಗ್‌ನಲ್ಲಿ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಡಬ್ಲ್ಯೂ ಬಿದ್ದ ಕೋರ್ಸು ಆ ಹನ್ನೆರಡರಲ್ಲಿ ಸೇರುವುದಿಲ್ಲ. 11 ಆದ ಕ್ಷಣ ವೀಸಾ ಸ್ಟೇಟಸ್ಸೂ ಸ್ಕಾಲರ್‌ಶಿಪ್‌ನ ಫುಲ್‌ಟೈಮ್ ಷರತ್ತೂ ಒಟ್ಟಿಗೇ ಅಲುಗಾಡುತ್ತವೆ. ಜಿಪಿಎ ಉಳಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಕಳೆದುಕೊಳ್ಳುವುದು ಹೀಗೆ.

ದಾರಿ ಎರಡಿವೆ. ಮೊದಲನೆಯದು, ಸೆಮಿಸ್ಟರ್‌ನ ಎರಡನೇ ಅರ್ಧದಲ್ಲಿ ಶುರುವಾಗುವ ಒಂದು ಅಥವಾ ಎರಡು ಕ್ರೆಡಿಟ್‌ನ ಲೇಟ್-ಸ್ಟಾರ್ಟ್ ಕೋರ್ಸ್ ಸೇರಿಸಿಕೊಳ್ಳುವುದು. ಪೋರ್ಟಲ್‌ನ ಕ್ಲಾಸ್ ಹುಡುಕಾಟದಲ್ಲಿ ಸೆಷನ್ ಅಥವಾ ಪಾರ್ಟ್ ಆಫ್ ಟರ್ಮ್ ಅನ್ನುವ ಆಯ್ಕೆಯಲ್ಲಿ ಇವು ಸಿಗುತ್ತವೆ. ಸೇರುವ ಗಡುವು ಆ ಕೋರ್ಸ್ ಶುರುವಾದ ಕೆಲವೇ ದಿನಕ್ಕೆ ಮುಗಿಯುತ್ತದೆ. ವಿತ್‌ಡ್ರಾವಲ್ ಗಡುವು 10ನೇ ವಾರ ಇದೆಯಲ್ಲ ಅಂತ ಸುಮ್ಮನಿದ್ದರೆ, 9ನೇ ವಾರದಲ್ಲಿ ಶುರುವಾಗುವ ಕೋರ್ಸಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಅದಕ್ಕೇ ಇಮೇಲ್ 8ನೇ ವಾರವೇ ಹೋಗಬೇಕು ಅನ್ನುವುದು. ಎರಡನೆಯ ದಾರಿ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ ಅವರಿಂದ ಮುಂಚಿತವಾಗಿ ಅನುಮತಿ. ಅದನ್ನು ಮುಂದೆ ಹೇಳಿದ್ದೇವೆ.

ಯಾವ ದಾರಿಯಾದರೂ ಕ್ರಮ ತಪ್ಪಬಾರದು. ಮೊದಲು ಹೊಸ ಕೋರ್ಸ್ ಸೇರಿಸಿ, ಪೋರ್ಟಲ್‌ನಲ್ಲಿ 16 ಕ್ರೆಡಿಟ್ ಕಂಡ ಮೇಲೆ ಹಳೆಯದನ್ನು ಬಿಡಿ. ಹಿಂದುಮುಂದಾಗಿ ಮಾಡಿ, ಹೊಸ ಕೋರ್ಸಿನಲ್ಲಿ ಸೀಟು ಖಾಲಿ ಇಲ್ಲ ಅಂತ ಗೊತ್ತಾದರೆ 11ರಲ್ಲಿ ನಿಂತಿರುತ್ತೀರಿ.

ಆ ಒಂದು ಕ್ರೆಡಿಟ್ಟನ್ನು ಆನ್‌ಲೈನ್ ಕೋರ್ಸಿನಿಂದ ತುಂಬಿಸಬಹುದಾ?

ಬೇರೆ ಆನ್‌ಲೈನ್ ಕೋರ್ಸ್ ಇಲ್ಲದಿದ್ದರೆ ಆಗಬಹುದು. ಎಫ್-1 ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಒಂದು ಆನ್‌ಲೈನ್ ಕ್ಲಾಸ್ ಅಥವಾ ಮೂರು ಕ್ರೆಡಿಟ್‌ನಷ್ಟು ಮಾತ್ರ ಫುಲ್‌ಟೈಮ್ ಲೆಕ್ಕಕ್ಕೆ ಸೇರುತ್ತದೆ. ನಮ್ಮ ವಿದ್ಯಾರ್ಥಿನಿಯ ರೈಟಿಂಗ್ ಕೋರ್ಸ್ ಈಗಾಗಲೇ ಪೂರ್ತಿ ಆನ್‌ಲೈನ್ ಆಗಿದ್ದರೆ ಆ ಮೂರು ಅಲ್ಲಿಗೇ ಮುಗಿಯಿತು. ಆಮೇಲೆ ಸೇರಿಸುವ ಒಂದು ಕ್ರೆಡಿಟ್ ಕ್ಲಾಸ್‌ರೂಮಿನಲ್ಲೇ ನಡೆಯುವಂಥದ್ದಾಗಬೇಕು. ಅದೂ ಆನ್‌ಲೈನ್ ಆದರೆ, ಪೋರ್ಟಲ್ 12 ಅಂತ ತೋರಿಸಿದರೂ ಡಿಎಸ್‌ಒ ಎಣಿಸುವುದು 11.

ಡಿಎಸ್‌ಒ ಅನುಮತಿ ಅಂದರೆ ಏನು? ಗ್ರೇಡ್ ಉಳಿಸಿಕೊಳ್ಳಬೇಕು ಅಂದರೆ ಕೊಡುತ್ತಾರಾ?

ಡಿಎಸ್‌ಒ ಅಂದರೆ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ನಿಮ್ಮ ಐ-20 ನೋಡಿಕೊಳ್ಳುವ ಅಧಿಕಾರಿ. 12ಕ್ಕಿಂತ ಕೆಳಗೆ ಇಳಿಯಲು ಅವರು ಕೊಡುವ ಅನುಮತಿಗೆ ರೆಡ್ಯೂಸ್ಡ್ ಕೋರ್ಸ್ ಲೋಡ್ ಅನ್ನುತ್ತಾರೆ. ಬರೀ ಗ್ರೇಡ್ ಉಳಿಸಿಕೊಳ್ಳುವುದು ಅದಕ್ಕೆ ಕಾರಣವಾಗುವುದಿಲ್ಲ. ಓದಿಗೆ ಸಂಬಂಧಪಟ್ಟಂತೆ ನಿಯಮ ಒಪ್ಪುವ ಕಾರಣಗಳು ಕೆಲವೇ: ಶುರುವಿನಲ್ಲಿ ಇಂಗ್ಲಿಷ್ ಅಥವಾ ಓದಬೇಕಾದ ಪಾಠಗಳ ಹೊರೆಯ ತೊಡಕು, ಅಮೆರಿಕದಲ್ಲಿ ಪಾಠ ಹೇಳುವ ರೀತಿಯ ಪರಿಚಯ ಇಲ್ಲದಿರುವುದು, ಅಥವಾ ವಿದ್ಯಾರ್ಥಿಯನ್ನು ತಪ್ಪು ಮಟ್ಟದ ಕೋರ್ಸಿಗೆ ಹಾಕಿರುವುದು. ಕಾಯಿಲೆಯ ಕಾರಣಕ್ಕೆ ಬೇರೆಯೇ ದಾರಿ ಇದೆ. ಅದಕ್ಕೆ ವೈದ್ಯರ ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್‌ರ ಪತ್ರ ಬೇಕು.

ಕರ್ನಾಟಕದಿಂದ ಹೋದವರಲ್ಲಿ ತಪ್ಪು ಮಟ್ಟದ ಕೋರ್ಸು ಅನ್ನುವ ಕಾರಣ ಕೆಲವೊಮ್ಮೆ ನಿಜವಾಗಿಯೇ ಇರುತ್ತದೆ. ಪಿಯುಸಿಯಲ್ಲಿ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಎರಡೂ ಚೆನ್ನಾಗಿ ಆಗಿರುತ್ತವೆ, ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಒಳ್ಳೆಯ ಅಂಕ ಬರುತ್ತದೆ, ನೇರ ಕ್ಯಾಲ್ಕುಲಸ್ 2ಕ್ಕೆ ಹಾಕುತ್ತಾರೆ. ಮೊದಲ ಅರ್ಧ ಸಲೀಸು. ಆಮೇಲೆ ಅನಂತ ಶ್ರೇಣಿಗಳು, ಅವು ಕನ್ವರ್ಜ್ ಆಗುತ್ತವೋ ಇಲ್ಲವೋ ಅನ್ನುವ ಪರೀಕ್ಷೆಗಳು, ಟೇಲರ್ ಸೀರೀಸ್ ಬಂದಾಗ ಪಿಯುಸಿಯ ಬಲ ಸಾಲುವುದಿಲ್ಲ. ನಿಮ್ಮ ವಿಷಯದಲ್ಲಿ ಆಗಿದ್ದು ಇದೇ ಆದರೆ ಅಡ್ವೈಸರ್‌ಗೆ ಹಾಗೆಯೇ ಹೇಳಿ. ಅನುಮತಿಯ ಫಾರ್ಮಿನಲ್ಲಿ ಕಾರಣ ಬರೆದು ಸಹಿ ಹಾಕುವವರು ಸಾಮಾನ್ಯವಾಗಿ ಅವರೇ. ಆಗದೇ ಇದ್ದುದನ್ನು ಬರೆಸಬೇಡಿ. ಅದು ಸರ್ಕಾರದ ಸೆವಿಸ್ ದಾಖಲೆಗೆ ಹೋಗುವ ಮಾತು.

ಈ ಅನುಮತಿ ಓದಿನ ಕಾರಣಕ್ಕೆ ಒಂದು ಡಿಗ್ರಿ ಮಟ್ಟಕ್ಕೆ ಒಂದೇ ಸಲ ಸಿಗುತ್ತದೆ. ಅನುಮತಿ ಇದ್ದರೂ ಕನಿಷ್ಠ 6 ಕ್ರೆಡಿಟ್ ಇರಬೇಕು, ಮುಂದಿನ ಸೆಮಿಸ್ಟರ್‌ನಲ್ಲಿ (ಬೇಸಿಗೆ ಬಿಟ್ಟು) ಮತ್ತೆ ಫುಲ್‌ಟೈಮ್ ಆಗಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ ಮೊದಲ ವರ್ಷವೇ ಒಂದು ಕ್ರೆಡಿಟ್‌ಗಾಗಿ ಅದನ್ನು ಖರ್ಚು ಮಾಡುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಲೇಟ್-ಸ್ಟಾರ್ಟ್ ಕೋರ್ಸ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಅನುಮತಿ ಸೆವಿಸ್‌ನಲ್ಲಿ ದಾಖಲಾಗಿ ಹೊಸ ಐ-20 ಬಂದ ಮೇಲೆಯೇ ಕೋರ್ಸ್ ಬಿಡಬೇಕು. ಕೆಲವು ಪೋರ್ಟಲ್‌ಗಳು ಎಫ್-1 ವಿದ್ಯಾರ್ಥಿ 12ಕ್ಕಿಂತ ಕೆಳಗಿಳಿಯದಂತೆ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಬಟನ್ ಒತ್ತಲು ಬಿಟ್ಟಿತು ಅನ್ನುವುದು ಅನುಮತಿ ಅಲ್ಲ. ಅನುಮತಿಯಿಲ್ಲದೆ ಇಳಿದರೆ ಸ್ಟೇಟಸ್ ಹೋಗುತ್ತದೆ. ಮತ್ತೆ ಪಡೆಯಲು ಐ-539 ಅರ್ಜಿ ಹಾಕಿ ಕಾಯಬೇಕು, ಇಲ್ಲವೇ ದೇಶ ಬಿಟ್ಟು ಹೊಸ ಐ-20 ಜೊತೆ ಮರಳಬೇಕು.

ಡಿಎಸ್‌ಒ ಒಪ್ಪಿದರೆ ಸ್ಕಾಲರ್‌ಶಿಪ್ ಕೂಡ ಉಳಿದಂತೆ ತಾನೇ?

ಹಾಗಲ್ಲ. ಅವೆರಡೂ ಬೇರೆ ಬೇರೆ ಕಚೇರಿ. ಇಮಿಗ್ರೇಷನ್ ಮಟ್ಟಿಗೆ 11 ಕ್ರೆಡಿಟ್ ಸರಿ ಅಂತ ಡಿಎಸ್‌ಒ ಹೇಳಿದರೂ, ಸ್ಕಾಲರ್‌ಶಿಪ್ ಕಚೇರಿಗೆ ಫುಲ್‌ಟೈಮ್ ಅಂದರೆ 12 ಅಥವಾ ಕೆಲವು ಕಡೆ 15. ಅವರಿಂದ ಬೇರೆಯಾಗಿ, ಬರವಣಿಗೆಯಲ್ಲಿ ಉತ್ತರ ಬರಬೇಕು.

ಸ್ಕಾಲರ್‌ಶಿಪ್ ಸಿಕ್ಕಾಗ ಬಂದ ಪತ್ರವನ್ನು ಹುಡುಕಿ ತೆಗೆದು ನಾಲ್ಕು ಪದಗಳ ಕೆಳಗೆ ಗೆರೆ ಎಳೆಯಿರಿ. ಜಿಪಿಎ ಒಟ್ಟಾರೆಯದಾ, ಆ ಸೆಮಿಸ್ಟರ್‌ನದಾ? ಫುಲ್‌ಟೈಮ್ ಅಂದರೆ ಎಷ್ಟು ಕ್ರೆಡಿಟ್, ಅದನ್ನು ಯಾವ ದಿನಕ್ಕೆ ಎಣಿಸುತ್ತಾರೆ? ವರ್ಷದ ಕ್ರೆಡಿಟ್ ಅಂದಾಗ ರಿಜಿಸ್ಟರ್ ಆದದ್ದಾ, ಪಾಸಾದದ್ದಾ? ಪರಿಶೀಲನೆ ಮೇ ತಿಂಗಳಲ್ಲಾ, ಬೇಸಿಗೆ ಮುಗಿದ ಮೇಲಾ?

ಮೂರನೆಯದು ನಮ್ಮ ಉದಾಹರಣೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಕ್ಯಾಲ್ಕುಲಸ್ ಬಿಟ್ಟು ಒಂದು ಕ್ರೆಡಿಟ್ ಸೇರಿಸಿದರೆ ವರ್ಷಕ್ಕೆ ಪಾಸಾಗುವುದು 15 ಮತ್ತು 12, ಒಟ್ಟು 27. ಷರತ್ತು 24 ಇರುವುದರಿಂದ ಸಲೀಸು. ಆದರೆ ಬಹಳಷ್ಟು ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಷರತ್ತು 30. ಅಲ್ಲಿ 3 ಕಡಿಮೆ ಬೀಳುತ್ತದೆ. ಬೇಸಿಗೆಯಲ್ಲಿ ಕ್ಯಾಲ್ಕುಲಸ್ 2 ಮತ್ತೆ ತೆಗೆದುಕೊಂಡು ಪಾಸಾದರೆ 31 ಆಗುತ್ತದೆ, ಅದೂ ಬೇಸಿಗೆಯ ಕ್ರೆಡಿಟ್ಟನ್ನು ಆ ವರ್ಷಕ್ಕೆ ಸೇರಿಸಿಕೊಳ್ಳುವುದಾದರೆ. ಖರ್ಚು ಕಡಿಮೆ ಅಂತ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದರೆ ಸಾಮಾನ್ಯವಾಗಿ ಕ್ರೆಡಿಟ್ ಮಾತ್ರ ವರ್ಗವಾಗುತ್ತದೆ, ಗ್ರೇಡ್ ಜಿಪಿಎಗೆ ಸೇರುವುದಿಲ್ಲ. ವರ್ಗವಾಗಿ ಬಂದ ಕ್ರೆಡಿಟ್ಟನ್ನು ಎಣಿಸುವುದೇ ಇಲ್ಲ ಅನ್ನುವ ಸ್ಕಾಲರ್‌ಶಿಪ್‌ಗಳೂ ಇವೆ. ಹಾಗಾಗಿ ಬೇಸಿಗೆಯ ದುಡ್ಡು ಕಟ್ಟುವ ಮೊದಲು ಕೇಳಿ.

ಅಮೆರಿಕದಲ್ಲೇ ಹುಟ್ಟಿದ ಅಥವಾ ಗ್ರೀನ್ ಕಾರ್ಡ್ ಇರುವ ನಮ್ಮವರ ಮಕ್ಕಳಿಗೆ ವೀಸಾದ ಚಿಂತೆ ಇಲ್ಲ, ಆದರೆ ಪೆಲ್ ಗ್ರ್ಯಾಂಟ್ ಅಥವಾ ಸರ್ಕಾರಿ ಸಾಲ ಪಡೆಯುತ್ತಿದ್ದರೆ ಇನ್ನೊಂದು ಲೆಕ್ಕ ಇದೆ. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಎಷ್ಟು ಪಾಸಾದಿರಿ ಅನ್ನುವುದು ಬಹಳ ಕಡೆ 67%ಕ್ಕಿಂತ ಕೆಳಗಿಳಿಯಬಾರದು. ಡಬ್ಲ್ಯೂ ಬಿದ್ದದ್ದು ತೆಗೆದುಕೊಂಡದ್ದರಲ್ಲಿ ಸೇರುತ್ತದೆ, ಪಾಸಾದದ್ದರಲ್ಲಿ ಸೇರುವುದಿಲ್ಲ. 30ರಲ್ಲಿ 26 ಪಾಸಾದರೆ 87%; ಒಂದು ಡಬ್ಲ್ಯೂ ಇಲ್ಲಿ ಮುಳುಗಿಸುವುದಿಲ್ಲ.

ಇಮೇಲ್‌ನಲ್ಲಿ ಏನೇನು ಇರಬೇಕು?

ಅಡ್ವೈಸರ್ ಬೇರೆ ಯಾವ ಪೋರ್ಟಲ್ಲನ್ನೂ ತೆರೆಯದೆ ನಿಮ್ಮ ಸ್ಥಿತಿ ಅರ್ಥ ಮಾಡಿಕೊಳ್ಳುವಷ್ಟು ಇರಬೇಕು. ಒಬ್ಬ ಅಡ್ವೈಸರ್‌ಗೆ ನೂರಾರು ವಿದ್ಯಾರ್ಥಿಗಳಿರುತ್ತಾರೆ, ಗಡುವಿನ ವಾರದಲ್ಲಿ ಎಲ್ಲರೂ ಒಟ್ಟಿಗೆ ಬರೆಯುತ್ತಾರೆ. ಯೂನಿವರ್ಸಿಟಿ ಕೊಟ್ಟ ಇಮೇಲ್‌ನಿಂದಲೇ ಕಳಿಸಿ. ಬೇರೆ ವಿಳಾಸದಿಂದ ಬಂದ ಪತ್ರಕ್ಕೆ ಗ್ರೇಡಿನ ವಿವರ ಹೇಳಲು ಅವರು ಹಿಂಜರಿಯುತ್ತಾರೆ. ಡಿಎಸ್‌ಒ ಮತ್ತು ಸ್ಕಾಲರ್‌ಶಿಪ್ ಕಚೇರಿಗೆ ಬೇರೆ ಬೇರೆ ಪತ್ರ ಬರೆಯಿರಿ. ಮೂವರನ್ನೂ ಒಂದೇ ಪತ್ರದಲ್ಲಿ ಸೇರಿಸಿದರೆ ಇನ್ನೊಬ್ಬರು ಉತ್ತರಿಸುತ್ತಾರೆ ಅಂತ ಮೂವರೂ ಸುಮ್ಮನಾಗುವ ಅಪಾಯವಿದೆ.

ನಮ್ಮ ವಿದ್ಯಾರ್ಥಿನಿಯ ಪತ್ರ ಹೀಗಿರಬಹುದು. ಕಳಿಸುವುದು ಇಂಗ್ಲಿಷಿನಲ್ಲೇ, ಮಾತಿನ ಸಾಲು ಇದು:

> ವಿಷಯ: ಮಾರ್ಚ್ 13ರೊಳಗೆ ಕ್ಯಾಲ್ಕುಲಸ್ 2 ವಿತ್‌ಡ್ರಾವಲ್, ನಿಮ್ಮ ಸಲಹೆ ಬೇಕು (ಹೆಸರು, ವಿದ್ಯಾರ್ಥಿ ಸಂಖ್ಯೆ)
>
> ನಾನು ಮೊದಲ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ, ಎಫ್-1 ವೀಸಾ. ಕ್ಯಾಲ್ಕುಲಸ್ 2 (4 ಕ್ರೆಡಿಟ್, ಸೆಕ್ಷನ್ 03) ಬಿಡುವ ಯೋಚನೆಯಲ್ಲಿದ್ದೇನೆ. ಇನ್ನೂ ಬಿಟ್ಟಿಲ್ಲ.
>
> ಈವರೆಗಿನ ಅಂಕಗಳ ಪ್ರಕಾರ ಸಿ ಬರಲು ಫೈನಲ್‌ನಲ್ಲಿ ಸುಮಾರು 88% ಬೇಕು. ಪ್ರೊಫೆಸರ್ ಜೊತೆ ಮಂಗಳವಾರ ಮಾತಾಡಿದೆ. ಕರ್ವ್ ಇಲ್ಲ ಅಂದರು. ಡಿ ಬಂದರೆ ನನ್ನ ಒಟ್ಟು ಜಿಪಿಎ 2.97 ಆಗುತ್ತದೆ, ಬಿಟ್ಟರೆ 3.27. ನನ್ನ ಸ್ಕಾಲರ್‌ಶಿಪ್‌ಗೆ 3.0 ಮತ್ತು ವರ್ಷಕ್ಕೆ 24 ಕ್ರೆಡಿಟ್ ಬೇಕು.
>
> ಬಿಟ್ಟರೆ 11 ಕ್ರೆಡಿಟ್ ಉಳಿಯುತ್ತದೆ. ಹಾಗಾಗಿ ಮಾರ್ಚ್ 2ಕ್ಕೆ ಶುರುವಾಗುವ, ಕ್ಲಾಸ್‌ರೂಮಿನಲ್ಲೇ ನಡೆಯುವ ಒಂದು ಕ್ರೆಡಿಟ್ ಕೋರ್ಸನ್ನು ಮೊದಲು ಸೇರಿಸಿ, 12 ಆಗುವಂತೆ ನೋಡಿಕೊಂಡು ಆಮೇಲೆ ಬಿಡುತ್ತೇನೆ.
>
> ನನ್ನ ಪ್ರಶ್ನೆಗಳು: (1) ಕ್ಯಾಲ್ಕುಲಸ್ 2 ಮುಂದಕ್ಕೆ ಹೋದರೆ ಫಾಲ್‌ನ ಯಾವ ಕೋರ್ಸುಗಳು ತಡೆಯಾಗುತ್ತವೆ? (2) ಅದನ್ನು ಬೇಸಿಗೆಯಲ್ಲಿ ತೆಗೆದುಕೊಳ್ಳುವುದು ಒಳ್ಳೆಯದಾ, ಫಾಲ್‌ನಲ್ಲಾ? (3) ಆ ಒಂದು ಕ್ರೆಡಿಟ್ ನನ್ನ ಡಿಗ್ರಿಗೆ ಸೇರುತ್ತದಾ?
>
> ಡಿಎಸ್‌ಒ ಮತ್ತು ಸ್ಕಾಲರ್‌ಶಿಪ್ ಕಚೇರಿಗೆ ಬೇರೆಯಾಗಿ ಬರೆದಿದ್ದೇನೆ. ಹೊಸ ಕೋರ್ಸ್ ಸೇರುವ ಗಡುವು ಮಾರ್ಚ್ 4. ಅದಕ್ಕೆ ಮೊದಲು 15 ನಿಮಿಷ ಭೇಟಿಗೆ ಸಮಯ ಸಿಗಬಹುದೇ? ಡಿಗ್ರಿ ಆಡಿಟ್ ಲಗತ್ತಿಸಿದ್ದೇನೆ.

ಮೊದಲ ಪ್ರಶ್ನೆಯೇ ಈ ಪತ್ರದ ಜೀವಾಳ. ಬಿಡಬಹುದಾ ಅಂತ ಕೇಳಿದರೆ ಗಡುವಿನೊಳಗೆ ಬಿಡಬಹುದು ಅನ್ನುವ ಉತ್ತರ ಬರುತ್ತದೆ. ಅದು ಕ್ಯಾಲೆಂಡರ್‌ನಲ್ಲೇ ಇದೆ. ಕ್ಯಾಲ್ಕುಲಸ್ 2 ಮೇಲೆ ಕ್ಯಾಲ್ಕುಲಸ್ 3, ಎರಡನೇ ಫಿಸಿಕ್ಸ್, ಕೆಲವು ಕಡೆ ಪ್ರಾಬಬಿಲಿಟಿ ನಿಂತಿರುತ್ತವೆ. ಅವುಗಳಲ್ಲಿ ಯಾವುದಾದರೂ ವರ್ಷಕ್ಕೊಂದೇ ಸಲ ನಡೆಯುವಂಥದ್ದಾದರೆ ಒಂದು ಡಬ್ಲ್ಯೂನಿಂದ ಡಿಗ್ರಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗಬಹುದು. ಅದನ್ನು ಮೊದಲೇ ಕಾಣಬಲ್ಲವರು ಅಡ್ವೈಸರ್. ಆದರೆ ಡಿ ಬಂದರೂ ಹೀಗೇ ಆಗುತ್ತದೆ ಅನ್ನುವುದನ್ನು ಮರೆಯಬೇಡಿ. ಮುಂದಿನ ಗಣಿತಕ್ಕೆ ಹೋಗಲು ಬಹಳ ಕಡೆ ಕನಿಷ್ಠ ಸಿ ಬೇಕು.

ನಾವು ಊರಲ್ಲಿ ಅರ್ಜಿ ಬರೆಯುವ ರೀತಿ ಬರೆದರೆ ಆಗುವುದಿಲ್ಲವಾ?

ಅರ್ಥವೇನೋ ಆಗುತ್ತದೆ, ಕೆಲಸ ನಿಧಾನವಾಗುತ್ತದೆ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರುಮಾಡಿ ‘ಡೂ ದ ನೀಡ್‌ಫುಲ್’ ಅಂತ ಮುಗಿಸಿದರೆ ಓದುವವರಿಗೆ ನೀವು ಏನು ಮಾಡಿ ಅನ್ನುತ್ತಿದ್ದೀರಿ ಅನ್ನುವುದೇ ಸಿಗುವುದಿಲ್ಲ. ಅವರು ತಮ್ಮ ಇಮೇಲ್‌ನ ಕೊನೆಯಲ್ಲಿ ಹೇಗೆ ಹೆಸರು ಹಾಕುತ್ತಾರೋ ಹಾಗೆ ಸಂಬೋಧಿಸಿ. ಮನೆಯ ಕಷ್ಟ, ಸಾಲ, ಅಪ್ಪನ ಆರೋಗ್ಯ ಇವೆಲ್ಲ ನಿಜವಾಗಿದ್ದು ಓದಿಗೆ ಅಡ್ಡ ಬಂದಿದ್ದರೆ ಒಂದು ವಾಕ್ಯದಲ್ಲಿ ಹೇಳಿ, ಉಳಿದದ್ದನ್ನು ಭೇಟಿಯಲ್ಲಿ ಹೇಳಿ. ಪ್ರೊಫೆಸರ್ ಪಾಠ ಸರಿಯಿಲ್ಲ ಅನ್ನುವ ದೂರನ್ನು ಈ ಪತ್ರದಲ್ಲಿ ಸೇರಿಸಬೇಡಿ.

ಉತ್ತರ ಬರದಿದ್ದರೆ?

ಎರಡು ಕೆಲಸದ ದಿನ ಕಾಯಿರಿ. ಆಮೇಲೆ ಅದೇ ಪತ್ರಕ್ಕೆ ಉತ್ತರವಾಗಿ ಗಡುವಿನ ತಾರೀಖು ಮತ್ತೆ ಹೇಳಿ ಎರಡು ಸಾಲು ಬರೆಯಿರಿ. ಅದಕ್ಕೂ ಬರದಿದ್ದರೆ ಅಡ್ವೈಸಿಂಗ್ ಕಚೇರಿಯ ಡ್ರಾಪ್-ಇನ್ ಸಮಯಕ್ಕೆ ನೇರ ಹೋಗಿ. ಯಾವ ಅಡ್ವೈಸರ್ ಇದ್ದರೂ ಡಿಗ್ರಿ ಆಡಿಟ್ ನೋಡಿ ಹೇಳಬಲ್ಲರು. ಇಮೇಲ್ ಕಳಿಸಿದ್ದೇನೆ ಅನ್ನುವುದು ಕೋರ್ಸ್ ಬಿಟ್ಟಂತೆ ಅಲ್ಲ, ಗಡುವು ನಿಮಗಾಗಿ ಕಾಯುವುದೂ ಇಲ್ಲ.

ಅಪ್ಪ ಅಮ್ಮ ಅಡ್ವೈಸರ್‌ಗೆ ಬರೆಯಬಹುದಾ?

ಬರೆದರೂ ವಿವರ ಸಿಗುವುದು ಕಷ್ಟ. ಫೆರ್ಪಾ ಅನ್ನುವ 1974ರ ಕಾನೂನಿನ ಪ್ರಕಾರ, ಕಾಲೇಜು ಸೇರಿದ ಮೇಲೆ ಓದಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು. ಫೀಸು ಕಟ್ಟುವವರು ನೀವೇ ಆದರೂ, ಮಗ ಅಥವಾ ಮಗಳು ಬರವಣಿಗೆಯಲ್ಲಿ ಒಪ್ಪಿಗೆ ಕೊಡದೆ ಗ್ರೇಡಿನ ಬಗ್ಗೆ ಅವರು ಮಾತಾಡುವುದಿಲ್ಲ. ನಿಮ್ಮನ್ನು ಕಡೆಗಣಿಸಿದರು ಅಂದುಕೊಳ್ಳಬೇಡಿ. ಮಕ್ಕಳ ಜೊತೆ ಕೂತು ಮೇಲಿನ ಲೆಕ್ಕ ನೋಡುವುದು ಇದಕ್ಕಿಂತ ಬೇಗ ಫಲ ಕೊಡುತ್ತದೆ.

ಬಿಟ್ಟ ಕೋರ್ಸಿನ ಫೀಸು ವಾಪಸ್ ಬರುತ್ತದಾ?

8ನೇ ವಾರದಲ್ಲಿ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ವಾಪಸಾತಿಯ ಪಟ್ಟಿ ಮೊದಲ ಕೆಲವು ವಾರಗಳಲ್ಲೇ ಇಳಿಯುತ್ತಾ ಹೋಗಿ ನಿಂತುಹೋಗುತ್ತದೆ. 12ರಿಂದ 18 ಕ್ರೆಡಿಟ್‌ವರೆಗೆ ಒಂದೇ ಫೀಸು ಇರುವ ಯೂನಿವರ್ಸಿಟಿಯಾದರೆ, ಸೇರಿಸುವ ಒಂದು ಕ್ರೆಡಿಟ್‌ಗೆ ಸಾಮಾನ್ಯವಾಗಿ ಹೆಚ್ಚು ದುಡ್ಡಿಲ್ಲ. ಫಾಲ್‌ನಲ್ಲಿ ಕ್ಯಾಲ್ಕುಲಸ್ ಮತ್ತೆ ತೆಗೆದುಕೊಂಡರೂ 18ರೊಳಗೆ ಇದ್ದರೆ ಹೊರೆ ಬೀಳುವುದಿಲ್ಲ. ಕ್ರೆಡಿಟ್ ಲೆಕ್ಕದಲ್ಲಿ ಫೀಸು ಇರುವ ಕಡೆ ಅದೇ ನಾಲ್ಕು ಕ್ರೆಡಿಟ್‌ಗೆ ಎರಡು ಸಲ ಕಟ್ಟಿದಂತಾಗುತ್ತದೆ. ಬೇಸಿಗೆಗೆ ಬೇರೆ ಫೀಸು, ಸ್ಕಾಲರ್‌ಶಿಪ್ ಬಹಳ ಕಡೆ ಬೇಸಿಗೆಗೆ ಅನ್ವಯಿಸುವುದಿಲ್ಲ.

ಡಬ್ಲ್ಯೂ ಬದಲು ಪಾಸ್-ಫೇಲ್ ಅಥವಾ ಇನ್‌ಕಂಪ್ಲೀಟ್ ಕೇಳಬಹುದಾ?

ಮೇಜರ್‌ಗೆ ಬೇಕಾದ ಕೋರ್ಸನ್ನು ಪಾಸ್-ಫೇಲ್ ಮಾಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಇನ್‌ಕಂಪ್ಲೀಟ್ ಇರುವುದು ಬಹುಪಾಲು ಕೆಲಸ ಮುಗಿಸಿ, ಕೊನೆಯಲ್ಲಿ ಕಾಯಿಲೆಯಂಥ ಅನಿರೀಕ್ಷಿತ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಂಡವರಿಗೆ. ಕಡಿಮೆ ಅಂಕಕ್ಕೆ ಅದು ಮದ್ದಲ್ಲ. ಗ್ರೇಡ್ ರೀಪ್ಲೇಸ್‌ಮೆಂಟ್ ಇರುವ ಕಡೆ ಡಿ ತೆಗೆದುಕೊಂಡು ಮತ್ತೆ ಓದಿ ಹಳೆಯ ಗ್ರೇಡ್ ಅಳಿಸುವ ದಾರಿಯೂ ಇದೆ, ಆದರೆ ಸ್ಕಾಲರ್‌ಶಿಪ್ ಪರಿಶೀಲನೆ ಮೇ ತಿಂಗಳಲ್ಲೇ ಮುಗಿದರೆ ಆ ಹೊತ್ತಿಗೆ ಲೆಕ್ಕದಲ್ಲಿರುವುದು 2.97 ಜಿಪಿಎಯೇ.

ಮಾಸ್ಟರ್ಸ್ ವಿದ್ಯಾರ್ಥಿಗಳಿಗೂ ಇದೇ ಲೆಕ್ಕವಾ?

ಅಲ್ಲಿ ಕೈಯಾಡಿಸಲು ಜಾಗವೇ ಕಡಿಮೆ. ಬಹಳ ಕಡೆ ಫುಲ್‌ಟೈಮ್ ಅಂದರೆ 9 ಕ್ರೆಡಿಟ್, ಮೂರು ಕೋರ್ಸ್. ಒಂದು ಬಿಟ್ಟರೆ 6, ಆದ್ದರಿಂದ ಡಿಎಸ್‌ಒ ಅನುಮತಿಯಿಲ್ಲದೆ ಬಿಡುವ ಮಾತೇ ಇಲ್ಲ. ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಇದ್ದರೆ ಟ್ಯೂಷನ್ ಮನ್ನಾ ಎಷ್ಟು ಕ್ರೆಡಿಟ್‌ಗೆ ಕಟ್ಟಿದೆ ಅನ್ನುವುದನ್ನು ಆಫರ್ ಪತ್ರದಲ್ಲಿ ನೋಡಿ, ಗ್ರಾಜುಯೇಟ್ ಕೋಆರ್ಡಿನೇಟರ್‌ಗೂ ಬರೆಯಿರಿ. ಕೊನೆಯ ಸೆಮಿಸ್ಟರ್‌ನಲ್ಲಿ ಡಿಗ್ರಿಗೆ ಉಳಿದಿರುವುದೇ ಕಡಿಮೆ ಕ್ರೆಡಿಟ್ ಆದರೆ ಅದಕ್ಕೆ ಬೇರೆ ಅನುಮತಿ ಇದೆ, ಅದನ್ನೂ ಮೊದಲೇ ಪಡೆಯಬೇಕು.

ಎಲ್ಲರೂ ಒಪ್ಪಿದ ಮೇಲೆ ಕೆಲಸ ಮುಗಿಯಿತು ಅಂತ ಹೇಗೆ ಖಚಿತಪಡಿಸಿಕೊಳ್ಳುವುದು?

ಕೋರ್ಸ್ ಬಿಡುವುದು ರಿಜಿಸ್ಟ್ರಾರ್ ದಾಖಲೆಯಲ್ಲಿ ಆಗುವ ಕೆಲಸ. ಅಡ್ವೈಸರ್ ಸರಿ ಅಂದದ್ದರಿಂದ ಅದು ಆಗುವುದಿಲ್ಲ. ಪೋರ್ಟಲ್‌ನಲ್ಲೋ ಫಾರ್ಮಿನಲ್ಲೋ ನೀವೇ ಸಲ್ಲಿಸಬೇಕು. ಫಾರ್ಮ್ ಆದರೆ ಪ್ರೊಫೆಸರ್ ಸಹಿಗೆ ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ. ಮಾರನೆಯ ದಿನ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ತೆರೆಯಿರಿ: ಕ್ಯಾಲ್ಕುಲಸ್ 2ರ ಎದುರು ಡಬ್ಲ್ಯೂ ಕಾಣಬೇಕು, ಹೊಸ ಕೋರ್ಸ್ ಪಟ್ಟಿಯಲ್ಲಿರಬೇಕು, ಈ ಸೆಮಿಸ್ಟರ್‌ನ ಕ್ರೆಡಿಟ್ 12 ಅಂತ ಇರಬೇಕು. ಆ ಪುಟವನ್ನು ತಾರೀಖು ಕಾಣುವಂತೆ ಪಿಡಿಎಫ್ ಮಾಡಿ, ಸ್ಕಾಲರ್‌ಶಿಪ್ ಕಚೇರಿಯ ಉತ್ತರದ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಡಿ. ಮೇ ತಿಂಗಳಲ್ಲಿ ಸ್ಕಾಲರ್‌ಶಿಪ್ ಪರಿಶೀಲನೆಗೆ ಬಂದಾಗ ಯಾರಾದರೂ ಪ್ರಶ್ನೆ ಕೇಳಿದರೆ ಕಳಿಸಬೇಕಾದ್ದು ಆ ಎರಡು ಕಾಗದ.